ಪ್ರಪೋಸಲ್‌ನ ಒಂದು ಸಾಲು, 86,400 ರೂಪಾಯಿ ದಂಡ

ಕಂಪನಿಗಳಿಗೆ ವಾರ್ಷಿಕ ನಿರ್ವಹಣೆ ಸೇವೆ, ಅಂದರೆ ಎಎಂಸಿ, ಕೊಡುವವರು, ಅದರಲ್ಲೂ ಶಿವಮೊಗ್ಗದಲ್ಲಿ ಕೂತು ಮಲೆನಾಡಿನ ಶಾಖೆಗಳನ್ನು ನೋಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದದ್ದು ನಿಮಗೆ ಆಗಬಾರದು.

ನಮ್ಮದು ಐದು ಜನರ ಸಣ್ಣ ಸಂಸ್ಥೆ. ಕಂಪ್ಯೂಟರ್, ನೆಟ್‌ವರ್ಕ್, ಯುಪಿಎಸ್ ನಿರ್ವಹಣೆ ನಮ್ಮ ಕೆಲಸ. ಅಡಿಕೆ ವ್ಯಾಪಾರದ ಒಂದು ಕಂಪನಿ ಆರು ಜಾಗಗಳ ಕೆಲಸಕ್ಕೆ ಪ್ರಪೋಸಲ್ ಕೇಳಿತು. ಶಿವಮೊಗ್ಗದ ಮುಖ್ಯ ಕಚೇರಿಯ ಜೊತೆಗೆ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಅವರ ಖರೀದಿ ಶಾಖೆಗಳಿದ್ದವು. ತಿಂಗಳಿಗೆ 40,000, ವರ್ಷಕ್ಕೆ 4,80,000 ರೂಪಾಯಿ. ನಮ್ಮ ಪಾಲಿಗೆ ದೊಡ್ಡ ಕೆಲಸ. ಸೇವಾ ಮಟ್ಟದ ಷರತ್ತು, ಅಂದರೆ ಎಸ್‌ಎಲ್‌ಎ, ಬರೆದು ಅಭ್ಯಾಸ ಇರಲಿಲ್ಲ. ಬೆಂಗಳೂರಿನ ಗೆಳೆಯರೊಬ್ಬರು ತಮ್ಮ ಹಳೆಯ ಫೈಲ್ ಕೊಟ್ಟರು. ಹೆಸರು, ಮೊತ್ತ ಬದಲಿಸಿ ಕಳಿಸಿದೆ.

ಆ ಫೈಲ್‌ನಲ್ಲಿ ಎರಡು ವಾಕ್ಯಗಳಿದ್ದವು. ಅರ್ಥ ಹೀಗೆ: ದೂರು ಬಂದ 8 ಗಂಟೆಯೊಳಗೆ ಸ್ಪಂದಿಸಿ ಸರಿಪಡಿಸುತ್ತೇವೆ. ತಡವಾದರೆ ಪ್ರತಿ ಗಂಟೆಗೆ ಒಪ್ಪಂದದ ಮೊತ್ತದ ಶೇ. 0.5 ದಂಡ.

ಪ್ರಪೋಸಲ್ ಅಂದರೆ ಕೆಲಸ ಹಿಡಿಯೋಕೆ ಬರೆಯುವ ಕಾಗದ, ಒಪ್ಪಂದ ಆಮೇಲೆ ಬೇರೆ ಬರುತ್ತೆ ಅಂದುಕೊಂಡಿದ್ದೆ. ಬೇರೆ ಒಪ್ಪಂದ ಬರಲೇ ಇಲ್ಲ. ಒಂದು ಪುಟದ ಪರ್ಚೇಸ್ ಆರ್ಡರ್ ಬಂತು. ಅದರಲ್ಲಿ ಷರತ್ತುಗಳ ಜಾಗದಲ್ಲಿ ಇದ್ದದ್ದು ಇಷ್ಟೇ: ನಿಮ್ಮ ಪ್ರಪೋಸಲ್ ಪ್ರಕಾರ. ಆ ಒಂದು ಸಾಲಿನಿಂದ ನಾನು ಕಳಿಸಿದ ಫೈಲ್ ಇಡಿಯಾಗಿ ಒಪ್ಪಂದದ ಭಾಗವಾಯಿತು. ಸಂತೋಷದಲ್ಲಿ ಸಹಿ ಹಾಕಿ ಕೊಟ್ಟೆ.

ಜುಲೈ ತಿಂಗಳ ಒಂದು ಶನಿವಾರ. ಹೊಸನಗರದ ಕಡೆ ಮಧ್ಯಾಹ್ನದಿಂದಲೇ ಗಾಳಿ, ಮಳೆ, ಸಿಡಿಲು. ಕರೆಂಟ್ ಹೋಗಿತ್ತು. ಸಂಜೆ 6.40ಕ್ಕೆ ಅಲ್ಲಿನ ಶಾಖೆಯಿಂದ ನೆಟ್‌ವರ್ಕ್ ಇಲ್ಲ ಅಂತ ಮೇಲ್ ಬಂತು. ನಮ್ಮ ಹುಡುಗ 6.55ಕ್ಕೆ ಫೋನ್ ಮಾಡಿ ವಿಚಾರಿಸಿದ. ಹದಿನೈದು ನಿಮಿಷದಲ್ಲಿ ಸ್ಪಂದಿಸಿದ್ದೆವು. ಭಾನುವಾರ ಅವನು ಬೈಕಿನಲ್ಲಿ ರಿಪ್ಪನ್‌ಪೇಟೆ ದಾಟಿ, ಮಳೆಯಲ್ಲಿ ನೆನೆದು ಅಲ್ಲಿಗೆ ಹೋದ. ಶಾಖೆಗೆ ಬೀಗ. ಕೀ ಇದ್ದವರ ಫೋನ್ ಸಿಗಲಿಲ್ಲ. ಊರಿಗೇ ಕರೆಂಟ್ ಇರಲಿಲ್ಲ. ವಾಪಸ್ ಬಂದ. ಕರೆಂಟ್ ಬಂದದ್ದು ಭಾನುವಾರ ಸಂಜೆ ಐದಕ್ಕೆ.

ಸೋಮವಾರ ಬೆಳಿಗ್ಗೆ 10.30ಕ್ಕೆ ಮತ್ತೆ ಹೋಗಿ ನೋಡಿದರೆ ಸಿಡಿಲಿಗೆ ನೆಟ್‌ವರ್ಕ್ ಸ್ವಿಚ್, ಅಂದರೆ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಸಾಧನ, ಸುಟ್ಟಿತ್ತು. ಗೋಡೆಯ ಆ ಪುಟ್ಟ ಪೆಟ್ಟಿಗೆ ತೆಗೆದ ಕೂಡಲೇ ಸುಟ್ಟ ವಾಸನೆ ಬಂತಂತೆ. ಒಂದೇ ಒಂದು ಲೈಟೂ ಉರಿಯುತ್ತಿರಲಿಲ್ಲ. ಬೇರೆ ಸ್ವಿಚ್ ಅಲ್ಲಿರಲಿಲ್ಲ. ನಾನು ಶಿವಮೊಗ್ಗದಲ್ಲಿ ಬಸ್ ಹತ್ತಿಸಿ ಕಳಿಸಿದೆ. 1.30ಕ್ಕೆ ಅವನ ಕೈ ಸೇರಿತು. 2.40ಕ್ಕೆ ಎಲ್ಲ ಸರಿಯಾಯಿತು. ಒಳ್ಳೆ ಕೆಲಸ ಮಾಡಿದೆವು ಅಂತಲೇ ಅಂದುಕೊಂಡೆವು.

ಆ ತಿಂಗಳ ಬಿಲ್‌ಗೆ ಉತ್ತರವಾಗಿ ಅವರ ಲೆಕ್ಕ ಬಂತು. ಶನಿವಾರ 6.40ರಿಂದ ಸೋಮವಾರ 2.40ರವರೆಗೆ 44 ಗಂಟೆ. ಎಂಟು ಕಳೆದರೆ 36. ಒಪ್ಪಂದದ ಮೊತ್ತ 4,80,000, ಅದರ ಶೇ. 0.5 ಅಂದರೆ ಗಂಟೆಗೆ 2,400. ಒಟ್ಟು 86,400 ರೂಪಾಯಿ. ಒಂದು ಸ್ವಿಚ್ ಸುಟ್ಟಿದ್ದಕ್ಕೆ ಎರಡು ತಿಂಗಳ ದುಡಿಮೆಗಿಂತ ಜಾಸ್ತಿ!

ಅವರ ಲೆಕ್ಕ ವಿಭಾಗದ ಮುಖ್ಯಸ್ಥರ ಮುಂದೆ ಹೋಗಿ ಕೂತೆ. "ಸರ್, ಭಾನುವಾರ ರಜೆ, ಕರೆಂಟ್ ಇರಲಿಲ್ಲ, ನಿಮ್ಮ ಬಾಗಿಲೇ ತೆಗೆದಿರಲಿಲ್ಲ" ಅಂದೆ. ಅವರು ಜಗಳವಾಡಲಿಲ್ಲ. ನಮ್ಮ ಪ್ರಪೋಸಲ್ ತೆಗೆದು ಮೇಜಿನ ಮೇಲಿಟ್ಟು, "ಇದರಲ್ಲಿ ಅದು ಎಲ್ಲಿದೆ ತೋರಿಸಿ. ಬರೆದವರು ನೀವೇ ಅಲ್ವಾ?" ಅಂದರು. ಎಲ್ಲೂ ಇರಲಿಲ್ಲ.

ಈಗ ಅದೇ ಘಟನೆಯನ್ನು ಬೇರೆ ಎರಡು ರೀತಿಯಲ್ಲಿ ಲೆಕ್ಕ ಹಾಕಿ ನೋಡಿ. ಗಂಟೆಗಳು ಅಂದರೆ ಸೋಮವಾರದಿಂದ ಶನಿವಾರ, 9.30ರಿಂದ 6.30ರ ಕೆಲಸದ ಗಂಟೆಗಳು ಅಂತ ಬರೆದಿದ್ದರೆ? ದೂರು ಬಂದದ್ದು 6.40ಕ್ಕೆ. ಗಡಿಯಾರ ಶುರುವಾಗುವುದು ಸೋಮವಾರ 9.30ಕ್ಕೆ. ನಮಗೆ ಹಿಡಿದದ್ದು 5 ಗಂಟೆ 10 ನಿಮಿಷ. ದಂಡ ಸೊನ್ನೆ. ಆ ಮಾತು ಬಿಟ್ಟುಹೋದರೂ, ದಂಡ ಆ ತಿಂಗಳ ಬಿಲ್ ಮೇಲೆ ಅಂತಾದರೂ ಇದ್ದಿದ್ದರೆ ಗಂಟೆಗೆ 200ರಂತೆ 7,200 ಆಗುತ್ತಿತ್ತು. ಅದೇ ಮಳೆ, ಅದೇ ಸ್ವಿಚ್, ಅದೇ ಹುಡುಗ. ಬರೆದ ಪದ ಮಾತ್ರ ಬೇರೆ.

ವಕೀಲರನ್ನೂ ಕೇಳಿದೆ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ. ಕೋರ್ಟ್ ಆ ಮಿತಿಯೊಳಗೆ ನ್ಯಾಯವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ. ಇದು ತಿಳಿದು ಸಮಾಧಾನವಾಯಿತು, ನಿಜ. ಆದರೆ ದುಡ್ಡು ಅವರ ಕೈಯಲ್ಲೇ ಇದೆ, ಬಿಲ್‌ನಲ್ಲೇ ಹಿಡಿದುಕೊಳ್ಳುತ್ತಾರೆ. ಕೋರ್ಟಿಗೆ ಅಲೆಯಬೇಕಾದವರು ನಾವು. ಕೊನೆಗೆ ಮಾತುಕತೆಯಲ್ಲಿ 40,000ಕ್ಕೆ ಇಳಿಯಿತು. ಒಂದು ತಿಂಗಳು ಪೂರ್ತಿ ಬಿಟ್ಟಿ ದುಡಿದ ಹಾಗಾಯಿತು. ಹುಡುಗರ ಸಂಬಳ ಮಾತ್ರ ನಿಲ್ಲಿಸಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಆ "ಸ್ಪಂದಿಸಿ ಸರಿಪಡಿಸುತ್ತೇವೆ" ಅನ್ನುವುದು. ಸ್ಪಂದನೆ ನಮ್ಮ ಕೈಲಿದೆ. ಸರಿಪಡಿಸುವುದು ಪೂರ್ತಿ ನಮ್ಮ ಕೈಲಿಲ್ಲ. ಅದಕ್ಕೆ ಮೆಸ್ಕಾಂ ಕರೆಂಟ್ ಬೇಕು, ಇಂಟರ್ನೆಟ್ ಲೈನ್ ಬೇಕು, ಬಾಗಿಲು ತೆಗೆಯುವವರು ಬೇಕು, ದಾರಿಗೆ ಮರ ಬಿದ್ದಿರಬಾರದು. ಈಗ ನಾವು ಮೂರು ಸಮಯ ಬೇರೆ ಬೇರೆ ಬರೆಯುತ್ತೇವೆ. ಫೋನಿನಲ್ಲಿ ಉತ್ತರ ಕೊಡುವುದು 30 ನಿಮಿಷದಲ್ಲಿ. ಜಾಗಕ್ಕೆ ತಲುಪುವುದು ಶಿವಮೊಗ್ಗ ನಗರದಲ್ಲಾದರೆ 4 ಗಂಟೆ, ಘಟ್ಟದ ಕಡೆ ಮರುದಿನದ ಕೆಲಸದ ವೇಳೆಯೊಳಗೆ. ಕೆಲಸ ನಡೆಯುವಷ್ಟರ ಮಟ್ಟಿಗೆ ತಾತ್ಕಾಲಿಕ ವ್ಯವಸ್ಥೆ ಮಾಡುವುದು, ತಲುಪಿದ ಮೇಲೆ 4 ಗಂಟೆಯಲ್ಲಿ. ಪೂರ್ತಿ ದುರಸ್ತಿಗೆ ಗುರಿ ಇಡುತ್ತೇವೆ, ದಂಡ ಇಡುವುದಿಲ್ಲ.

ಇಂಥ ಮಾತು ಕೊಡಬೇಕಾದರೆ ಸಾಮಾನು ಅಲ್ಲೇ ಇರಬೇಕು. ಈಗ ಪ್ರತಿ ಶಾಖೆಯಲ್ಲೂ ಒಂದು ಸ್ವಿಚ್ ಸೀಲ್ ಮಾಡಿ ಇಟ್ಟಿದ್ದೇವೆ, ಅದರ ಖರ್ಚನ್ನು ಪ್ರಪೋಸಲ್‌ನಲ್ಲೇ ತೋರಿಸಿ. ಅವತ್ತು ಇದ್ದಿದ್ದರೆ ಸೋಮವಾರ ಹನ್ನೆರಡರೊಳಗೇ ಕೆಲಸ ಮುಗಿಯುತ್ತಿತ್ತು.

ಗಡಿಯಾರ ಯಾವಾಗ ಶುರು, ಯಾವಾಗ ನಿಲ್ಲುತ್ತೆ ಅನ್ನುವುದನ್ನೂ ಬರೆಯಿರಿ. ನಮ್ಮಲ್ಲಿ ದೂರು ದಾಖಲಾಗಿ ಅದಕ್ಕೆ ಟಿಕೆಟ್ ನಂಬರ್ ಬಿದ್ದಾಗ ಶುರು. ಹುಡುಗನ ವಾಟ್ಸಾಪ್‌ಗೆ ಸುಮ್ನೆ ಒಂದು ಮೆಸೇಜ್ ಹಾಕಿದರೆ ಅದು ದೂರಲ್ಲ. ಕರೆಂಟ್, ಇಂಟರ್ನೆಟ್ ಲೈನ್, ಬೀಗ, ರಸ್ತೆ ಬಂದ್, ಇವುಗಳಿಗಾಗಿ ಕಾಯುವಾಗ ಗಡಿಯಾರ ನಿಲ್ಲುತ್ತದೆ. ಆದರೆ ಅದಕ್ಕೆ ಸಾಕ್ಷಿ ಬೇಕು. ನಮ್ಮ ಹುಡುಗರು ಮುಚ್ಚಿದ ಬಾಗಿಲಿನ ಫೋಟೋ ತೆಗೆದು, ಸಮಯದ ಸಮೇತ ಅದೇ ಟಿಕೆಟ್‌ಗೆ ಸೇರಿಸುತ್ತಾರೆ. ಆ ಭಾನುವಾರದ ಒಂದು ಫೋಟೋ ನಮ್ಮ ಹತ್ತಿರ ಇದ್ದಿದ್ದರೆ ಮಾತುಕತೆಯಲ್ಲಿ ಇನ್ನಷ್ಟು ಬಲ ಬರುತ್ತಿತ್ತು.

ದಂಡವೇ ಬೇಡ ಅಂದರೆ ಯಾವ ಕಂಪನಿಯೂ ಒಪ್ಪಲ್ಲ, ಒಪ್ಪಬೇಕಾಗಿಯೂ ಇಲ್ಲ. ಶಾಖೆ ನಿಂತರೆ ತೂಕ, ಬಿಲ್ಲು ಎಲ್ಲ ನಿಲ್ಲುತ್ತೆ, ಅಡಿಕೆ ತಂದ ರೈತ ಕಾಯುತ್ತಾನೆ. ಆದರೆ ದಂಡವನ್ನು ಆ ಒಂದು ಶಾಖೆಯ ತಿಂಗಳ ಶುಲ್ಕದ ಮೇಲೆ ಲೆಕ್ಕ ಹಾಕಿ. ಒಟ್ಟು ದಂಡ ಆ ತಿಂಗಳ ಬಿಲ್‌ನ ಶೇ. 10 ಮೀರಬಾರದು ಅಂತ ಮಿತಿ ಹಾಕಿ. ಅದನ್ನು ಮುಂದಿನ ಬಿಲ್‌ನಲ್ಲಿ ಕಳೆಯುವುದು, ಬೇರೆ ಪರಿಹಾರ ಕೇಳುವಂತಿಲ್ಲ ಅಂತಲೂ ಸೇರಿಸಿ. ನಮ್ಮ ಮಟ್ಟಿಗೆ ಅದು ತಿಂಗಳಿಗೆ 4,000. ತಪ್ಪಾದರೆ ಕಟ್ಟುತ್ತೇವೆ, ಬಾಗಿಲು ಮುಚ್ಚುವ ಹಾಗಾಗಲ್ಲ.

ಈ ವರ್ಷ ಅದೇ ಕಂಪನಿಗೆ ಹೊಸ ಷರತ್ತುಗಳನ್ನು ಕಳಿಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಶಾಖೆಗಳಿಗೆ ಒಂದು ದಿನ ಜಾಸ್ತಿ ಕೇಳಿದ್ದೆ. ಅದೇ ಮುಖ್ಯಸ್ಥರು ಓದಿ ಒಂದೇ ತಿದ್ದುಪಡಿ ಕೇಳಿದರು. "ಮಳೆಗಾಲದಲ್ಲಿ ನಮ್ಮದೂ ವ್ಯಾಪಾರ ಕಡಿಮೆ, ತೊಂದರೆ ಇಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಮಾತ್ರ ಮರುದಿನ ಅನ್ನಬೇಡಿ, ಅವತ್ತೇ ಬರಬೇಕು." ಆಗ ರಸ್ತೆ ಒಣಗಿರುತ್ತದೆ, ಬೆಳಿಗ್ಗೆ ದೂರು ಬಂದರೆ ಮಧ್ಯಾಹ್ನದೊಳಗೆ ತಲುಪಬಹುದು. ಮಧ್ಯಾಹ್ನ 12ರೊಳಗೆ ಬಂದ ಟಿಕೆಟ್‌ಗೆ ಅವತ್ತೇ ಅಂತ ಬರೆದು ಸಹಿ ಹಾಕಿದೆವು.