ವಾಟ್ಸಾಪ್ ಸ್ಕ್ರೀನ್‌ಶಾಟೋ, ಲಿಂಕ್ಡ್‌ಇನ್ ಶಿಫಾರಸೋ?

ನಾನು ಕಲಬುರಗಿಯಲ್ಲಿ ಕೂತು ಪ್ಯಾಕೆಟ್, ಲೇಬಲ್ ಡಿಸೈನ್ ಮಾಡುತ್ತೇನೆ. ಹಳೇ ಗಿರಾಕಿಗಳ ಮೆಚ್ಚುಗೆಯನ್ನು ಮೊದಲು ವಾಟ್ಸಾಪ್ ಸ್ಕ್ರೀನ್‌ಶಾಟ್ ಮಾಡಿ ವೆಬ್‌ಸೈಟಿಗೆ ಹಾಕಿದ್ದೆ. ಸುಲಭ ಅಲ್ವಾ? ಆದರೆ ಫೋನಿನಲ್ಲಿ ಅಕ್ಷರ ಓದೋಕೇ ಆಗುತ್ತಿರಲಿಲ್ಲ. "ಸೂಪರ್ ಸರ್" ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಬೆಂಗಳೂರಿನ ಒಬ್ಬರು ಫೋನಿನಲ್ಲಿ, "ಇದನ್ನ ನೀವೇ ಟೈಪ್ ಮಾಡಿಲ್ಲ ಅಂತ ಹೇಗೆ ನಂಬೋದು?" ಅಂದೇಬಿಟ್ಟರು. ಒಂದರಲ್ಲಂತೂ ಮೇಲಿನ ಸಾಲಿನ ರೇಟಿನ ಚೌಕಾಸಿಯೂ ಕಾಣುತ್ತಿತ್ತು. ಅವತ್ತೇ ತೆಗೆದೆ.

ಆಮೇಲೆ ಲಿಂಕ್ಡ್‌ಇನ್ ಶಿಫಾರಸು. ಅಲ್ಲಿ ಬರೆದವರ ಹೆಸರು, ಫೋಟೊ, ಕೆಲಸ ಕಾಣುತ್ತವೆ. ಒತ್ತಿದರೆ ಅವರ ಪ್ರೊಫೈಲೇ ತೆರೆಯುತ್ತದೆ. ಬರೆದದ್ದನ್ನು ನಾನು ತಿದ್ದೋಕೆ ಬರಲ್ಲ, ತಿದ್ದಿಕೊಡಿ ಅಂತ ಕೇಳಬಹುದು ಅಷ್ಟೇ. ನಂಬಿಕೆಗೆ ಇದೇ ಗಟ್ಟಿ. ತೊಂದರೆ ಏನಂದರೆ, ನೇರ ಕನೆಕ್ಷನ್ ಇದ್ದವರನ್ನು ಮಾತ್ರ ಕೇಳಬಹುದು. ನನ್ನ ಗಿರಾಕಿಗಳಲ್ಲಿ ಬೇಳೆ ಮಿಲ್ಲಿನವರೇ ಜಾಸ್ತಿ, ಅವರಿಗೆ ಆ ಖಾತೆಯೇ ಇಲ್ಲ. ಅದೂ ಅಲ್ಲದೆ ಶಿಫಾರಸು ಪ್ರೊಫೈಲಿನಲ್ಲಿ ತೀರಾ ಕೆಳಗೆ ಇರುತ್ತದೆ.

ಕೊನೆಗೆ ಒಬ್ಬ ತೊಗರಿ ಬೇಳೆ ಮಿಲ್ ಮಾಲೀಕರ ಹತ್ತಿರ ಬೇರೆ ಥರ ಕೇಳಿದೆ. ಮೊದಲು "ಎರಡು ಸಾಲು ಬರೆದುಕೊಡ್ರಿ" ಅಂದಿದ್ದೆ. "ನೀವಽ ಬರಕೋರಿ, ನಾ ಹೂಂ ಅಂತೀನಿ" ಅಂದರು. ಹಾಗೆ ಬರೆದುಕೊಂಡರೆ ಎಲ್ಲರ ಮಾತೂ ಒಂದೇ ದನಿಯಲ್ಲಿ ಇರುತ್ತದೆ, ಓದುವವರಿಗೆ ಗೊತ್ತಾಗಿಬಿಡುತ್ತದೆ. ಹೊಸ ಪ್ಯಾಕೆಟ್ ಅಂಗಡಿಗೆ ಹೋಗಿ ಮೂರು ವಾರ ಆದ ಮೇಲೆ ಎರಡೇ ಪ್ರಶ್ನೆ ಕಳಿಸಿದೆ: ಕೆಲಸ ಕೊಡುವಾಗ ಏನು ಅನುಮಾನ ಇತ್ತು? ಈಗ ಏನು ಬದಲಾಗಿದೆ? ಬರೆಯೋದು ಬೇಡ, ವಾಯ್ಸ್ ಮೆಸೇಜ್ ಸಾಕು ಅಂದೆ.

ಉತ್ತರ ಬಂತು: "ಮೊದ್ಲು ತೂಕದ ಅಕ್ಷರ ಸಣ್ಣದಿತ್ರಿ, ಅಂಗಡಿಯವ್ರು ಅರ್ಧ ಕೇಜಿನೋ ಒಂದ್ ಕೇಜಿನೋ ಅಂತ ಕೇಳ್ತಿದ್ರು. ಈಗ ಕೇಳಂಗಿಲ್ಲ. ಆದ್ರ ಬಣ್ಣ ಮೂರು ಸಲ ಬದಲಿ ಮಾಡಸ್ಬೇಕಾತು." ಅದನ್ನು ಹಾಗೇ ಬರೆದು, ಹೆಸರು ಮತ್ತು ಊರು ಹಾಕಬಹುದಾ ಅಂತ ಕೇಳಿ, ಅವರು ಒಪ್ಪಿದ ಮೇಲೆ ಹಾಕಿದೆ. ಬಣ್ಣದ ಮಾತನ್ನು ತೆಗೆಯಲಿಲ್ಲ. ಈಗ ಫೋನ್ ಮಾಡುವವರು, "ಆ ಮೂರು ಸಲ ಬದಲಾಯಿಸಿದ್ದಕ್ಕೆ ಬೇರೆ ದುಡ್ಡು ತಗೊಂಡ್ರಾ?" ಅಂತ ಕೇಳುತ್ತಾರೆ. ಅಂದರೆ ಪೂರ್ತಿ ಓದಿದ್ದಾರೆ.

ಎಲ್ಲಿ ಹಾಕಿದೆ ಅನ್ನೋದೂ ಮುಖ್ಯ. ಮೊದಲು 'ಗಿರಾಕಿಗಳ ಮಾತು' ಅನ್ನುವ ಬೇರೆ ಪುಟ ಇತ್ತು, ಆ ಬೆಂಗಳೂರಿನವರನ್ನು ಬಿಟ್ಟರೆ ಅದರ ಬಗ್ಗೆ ಒಬ್ಬರೂ ಒಂದು ಮಾತೂ ಕೇಳಿರಲಿಲ್ಲ. ಈಗ ಹಳೇ ಪ್ಯಾಕೆಟ್, ಹೊಸ ಪ್ಯಾಕೆಟ್ ಫೋಟೊಗಳ ಪಕ್ಕದಲ್ಲೇ ಆ ಮಾತಿದೆ. ಅದರ ಕೆಳಗೆ ಅದೇ ಬಗೆಯ ಕೆಲಸ ಮಾಡಿಸಿದ ಇನ್ನೊಬ್ಬರ ಲಿಂಕ್ಡ್‌ಇನ್ ಶಿಫಾರಸಿನಿಂದ ಒಂದೇ ಸಾಲು, ಜೊತೆಗೆ ಲಿಂಕ್. ಮಿಲ್ಲಿನವರ ಮಾತನ್ನು ಪರೀಕ್ಷೆ ಮಾಡೋಕೆ ಆಗದವರು ಆ ಲಿಂಕ್ ಒತ್ತಿ ನೋಡುತ್ತಾರೆ.