ಒಂದೇ ಥರದ ಎರಡು ಪೌಚ್ ಮಷೀನು, ಎರಡು ಥರದ ಮೆಂಟೆನೆನ್ಸು: ಮೂರು ತಿಂಗಳ ಲೆಕ್ಕ

ತುಮಕೂರು ಕಡೆಯ ಒಂದು ಮಸಾಲೆ ಪುಡಿ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಸೆಕ್ಷನ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ 100 ಗ್ರಾಂ ಪೌಚ್ ತುಂಬುವ ಎರಡು ಮಷೀನುಗಳಿವೆ. ಒಂದೇ ಕಂಪನಿಯವು, ಒಂದೇ ವರ್ಷ ಬಂದವು. ಮೇಲಿನ ಹಾಪರ್‌ನಿಂದ ಆಗರ್ ಅನ್ನುವ ತಿರುಗುವ ಸ್ಕ್ರೂ ಪುಡಿ ಇಳಿಸುತ್ತದೆ. ಫಿಲ್ಮ್ ಕಾಲರ್ ಮೇಲೆ ಹಾದು ಕೊಳವೆಯಾಗುತ್ತದೆ. ಕೆಳಗೆ ಜಾ, ಅಂದರೆ ಫಿಲ್ಮನ್ನು ಒತ್ತಿ ಹಿಡಿಯುವ ಬಿಸಿ ದವಡೆ, ಬಂದು ಸೀಲ್ ಹಾಕಿ ಕತ್ತರಿಸುತ್ತದೆ.

ಟಿಪಿಎಂ, ಅಂದರೆ ಮಷೀನ್ ಕಾಪಾಡುವುದರಲ್ಲಿ ಎಲ್ಲರೂ ಕೈಜೋಡಿಸುವ ಪದ್ಧತಿ, ಮಾಡಬೇಕು ಅಂತ ಮೇಲಿನಿಂದ ಮಾತು ಬಂದಾಗ ಎರಡು ದಾರಿ ಕಂಡವು. ಒಂದು, ಮೆಂಟೆನೆನ್ಸ್ ವಿಭಾಗದವರು ಕ್ಯಾಲೆಂಡರ್ ಹಾಕಿಕೊಂಡು ಪ್ರತಿ ಭಾನುವಾರ ಮಷೀನ್ ಬಿಚ್ಚಿ ನೋಡುವುದು. ಇನ್ನೊಂದು, ಆಪರೇಟರ್ ತಾನೇ ದಿನಾ ಒರೆಸಿ, ಮುಟ್ಟಿ, ನೋಡಿ ಕಾಪಾಡಿಕೊಳ್ಳುವುದು. ಜಪಾನಿನವರು ಇದಕ್ಕೆ ಜಿಷು ಹೋಜೆನ್ ಅನ್ನುತ್ತಾರೆ. ಯಾವುದು ಒಳ್ಳೇದು ಅಂತ ಮೀಟಿಂಗಿನಲ್ಲಿ ಜಗಳ ಆಡುವ ಬದಲು ಒಂದನೇ ಮಷೀನಿಗೆ ಮೊದಲನೆಯದು, ಎರಡನೇ ಮಷೀನಿಗೆ ಎರಡನೆಯದು ಅಂತ ಹಚ್ಚಿದೆ. ಮೂರು ತಿಂಗಳು ನೋಡಿದೆ.

ಮೊದಲು ಎಲ್ಲಿ ನಿಂತಿದ್ದೆವು ಅನ್ನುವುದು ಗೊತ್ತಾಗಬೇಕಲ್ವಾ? ಅದಕ್ಕೆ ಒಂದು ಇಡೀ ಶಿಫ್ಟ್ ಸ್ಟಾಪ್‌ವಾಚ್ ಹಿಡಿದು ಒಂದನೇ ಮಷೀನಿನ ಮುಂದೆ ನಿಂತೆ. 8 ಗಂಟೆ ಅಂದರೆ 480 ನಿಮಿಷ. ಊಟ, ಟೀಗೆ 45 ಕಳೆದರೆ ಓಡಿಸಬೇಕಾದ ಸಮಯ 435 ನಿಮಿಷ. ನಮ್ಮ ಪುಡಿಗೆ ಈ ಮಷೀನ್ ನಿಮಿಷಕ್ಕೆ 60 ಪೌಚ್ ಕೊಡುತ್ತದೆ ಅಂತ ಟ್ರಯಲ್‌ನಲ್ಲೇ ಸಾಬೀತಾಗಿತ್ತು. ಹಾಗಾದರೆ 26,100 ಪೌಚ್ ಬರಬೇಕು. ಬಂದ ಒಳ್ಳೆಯ ಪೌಚ್ 16,587. ಓಇಇ ಅಂದರೆ ಇಷ್ಟೇ: ಬಂದ ಒಳ್ಳೆಯ ಮಾಲನ್ನು ಬರಬೇಕಾಗಿದ್ದ ಮಾಲಿನಿಂದ ಭಾಗಿಸುವುದು. 63.6%.

ಉಳಿದದ್ದು ಎಲ್ಲಿ ಹೋಯಿತು? ಲಾಗ್ ಶೀಟಿನಲ್ಲಿ ಎರಡೇ ಸಾಲು ಇದ್ದವು. ಹೀಟರ್ ಕೆಟ್ಟು 22 ನಿಮಿಷ, ಸಾಂಬಾರ್ ಪುಡಿಯಿಂದ ರಸಂ ಪುಡಿಗೆ ಬದಲಾಯಿಸಲು 38 ನಿಮಿಷ. ಒಟ್ಟು 60. ಮಷೀನ್ ಓಡಿದ ಸಮಯ 375 ನಿಮಿಷ, ಅಂದರೆ ಲಭ್ಯತೆ 86.2%. ಶೀಟ್ ನೋಡಿದವರು ಪರವಾಗಿಲ್ಲ ಅನ್ನುತ್ತಾರೆ.

ಆದರೆ 375 ನಿಮಿಷದಲ್ಲಿ 22,500 ಪೌಚ್ ಬರಬೇಕಿತ್ತು, ಕೌಂಟರ್ ತೋರಿಸಿದ್ದು 17,100. ಅಂದರೆ ವೇಗದ ಲೆಕ್ಕ 76%. ಕಾಣೆಯಾದ 5,400 ಪೌಚ್ 90 ನಿಮಿಷಕ್ಕೆ ಸಮ. ಬರೆದಿಟ್ಟ ನಷ್ಟಕ್ಕಿಂತ ಬರೆಯದ ನಷ್ಟವೇ ಜಾಸ್ತಿ! ನನ್ನ ಸ್ಟಾಪ್‌ವಾಚಿನಲ್ಲಿ ಅದು ಎರಡಾಗಿ ಒಡೆಯಿತು. ಮಷೀನ್ 94 ಸಲ ಸಣ್ಣಗೆ ನಿಂತಿತ್ತು, ಪ್ರತಿ ಸಲ ಸುಮಾರು ಅರ್ಧ ನಿಮಿಷ, ಒಟ್ಟು 52 ನಿಮಿಷ. ಇದಕ್ಕೆ ನಾವು ಚಿಲ್ಲರೆ ಸ್ಟಾಪ್ ಅನ್ನುತ್ತೇವೆ. ಅರ್ಧ ನಿಮಿಷದ ಸ್ಟಾಪನ್ನು ಯಾವ ಆಪರೇಟರ್ ಬರೆಯುತ್ತಾನೆ? ರೀಸೆಟ್ ಒತ್ತಿ ಮುಂದೆ ಹೋಗುತ್ತಾನೆ. ಇನ್ನುಳಿದ 38 ನಿಮಿಷ ನಿಧಾನಕ್ಕೆ ಓಡಿಸಿದ್ದಕ್ಕೆ ಹೋಯಿತು. ಸ್ಕ್ರೀನಿನಲ್ಲಿ ವೇಗ 53 ಇತ್ತು. ಕೇಳಿದರೆ, "60ಕ್ಕೆ ಇಟ್ಟರೆ ಸೀಲ್ ಲೀಕ್ ಆಗುತ್ತೆ ಸಾರ್," ಅಂದ. ಸುಳ್ಳಲ್ಲ. ಸೀಲ್ ಆಗುವ ಜಾಗಕ್ಕೆ ಪುಡಿ ಸಿಕ್ಕಿಕೊಂಡರೆ ಜಾ ಜಾಸ್ತಿ ಹೊತ್ತು ಒತ್ತಬೇಕಾಗುತ್ತದೆ.

ಕೊನೆಗೆ ರಿಜೆಕ್ಟ್ 513 ಪೌಚ್. ಅದರಲ್ಲಿ 200 ಬೆಳಗ್ಗೆ ಶುರುವಿನಲ್ಲಿ ಬಿಸಿ ಸೆಟ್ ಆಗುವವರೆಗೆ ಹೋದದ್ದು, ಉಳಿದದ್ದು ಓಡುವಾಗ ಲೀಕ್ ಆದದ್ದು. ಸಮಯಕ್ಕೆ ಇಳಿಸಿದರೆ ಎಂಟೂವರೆ ನಿಮಿಷ. ಟಿಪಿಎಂನಲ್ಲಿ ಹೇಳುವ ಆರು ದೊಡ್ಡ ನಷ್ಟಗಳೂ ಇಲ್ಲಿಗೆ ಮುಗಿದವು: ಬ್ರೇಕ್‌ಡೌನ್, ಚೇಂಜ್‌ಓವರ್, ಚಿಲ್ಲರೆ ಸ್ಟಾಪ್, ನಿಧಾನ ಓಟ, ಓಡುವಾಗಿನ ರಿಜೆಕ್ಟ್, ಶುರುವಿನ ರಿಜೆಕ್ಟ್. ಎಲ್ಲವನ್ನೂ ಶೇಕಡಾದಲ್ಲಿ ಅಲ್ಲ, ನಿಮಿಷದಲ್ಲಿ ಬರೆಯಿರಿ ಅನ್ನುವುದು ನನ್ನ ಸಲಹೆ. ಮೂರು ಶೇಕಡಾ ಗುಣಿಸಿದ ಅಂಕಿ ನೋಡಿ ಯಾರಿಗೂ ಏನು ರಿಪೇರಿ ಮಾಡಬೇಕು ಅಂತ ತಿಳಿಯುವುದಿಲ್ಲ. 52 ನಿಮಿಷ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಒಂದನೇ ಮಷೀನಿನಲ್ಲಿ ಇಬ್ಬರು ಫಿಟ್ಟರ್‌ಗಳು ಭಾನುವಾರ 4 ಗಂಟೆ ಕೆಲಸ ಮಾಡಿದರು. ಹೀಟರ್ ಮತ್ತು ಥರ್ಮೋಕಪಲ್ ಪರೀಕ್ಷೆ, ಜಾ ಮೇಲಿನ ಟೆಫ್ಲಾನ್ ಟೇಪ್ ಬದಲಾವಣೆ, ಗಾಳಿ ಸಿಲಿಂಡರಿನ ಸೀಲ್, ಚಾಕು, ಬೇರಿಂಗಿಗೆ ಗ್ರೀಸ್. ಅಚ್ಚುಕಟ್ಟಾದ ಕೆಲಸ, ಚೆಕ್‌ಲಿಸ್ಟ್ ತುಂಬಾ ಟಿಕ್. ಬ್ರೇಕ್‌ಡೌನ್ ಬೇಗ ಇಳಿಯಿತು. ಆದರೆ ಸೋಮವಾರ ಬೆಳಗ್ಗೆ ಮಾತ್ರ ಚಿಲ್ಲರೆ ಸ್ಟಾಪ್ ಎಲ್ಲ ದಿನಕ್ಕಿಂತ ಜಾಸ್ತಿ. ಮೂರನೇ ವಾರ ಕಾರಣ ಸಿಕ್ಕಿತು. ಫಿಟ್ಟರ್‌ಗಳು ಕೆಲಸ ಮುಗಿಸಿ ಏರ್ ಗನ್ನಿನಿಂದ ಮಷೀನ್ ಊದುತ್ತಿದ್ದರು. ಮೆಣಸಿನ ಪುಡಿ ಮೇಲೆದ್ದು ಸೀದಾ ಐ-ಮಾರ್ಕ್ ಸೆನ್ಸರ್ ಮೇಲೆ ಕೂರುತ್ತಿತ್ತು. ಫಿಲ್ಮ್ ಮೇಲಿನ ಕಪ್ಪು ಗುರುತು ಕಾಣದಿದ್ದರೆ ಮಷೀನ್ ನಿಲ್ಲುತ್ತದೆ. ನಾನು ಎಣಿಸಿದ 94ರಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ.

ಎರಡನೇ ಮಷೀನಿನಲ್ಲಿ ಮೊದಲ ದಿನ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಜಾ ತಣ್ಣಗಾದ ಮೇಲೆ ಆಪರೇಟರ್‌ಗಳೇ ಬಟ್ಟೆ, ಬ್ರಷ್, ವ್ಯಾಕ್ಯೂಮ್ ಹಿಡಿದು ಕುಳಿತರು. ಏರ್ ಗನ್ ಬೇಡ ಅಂದಿದ್ದೆ. ಕೈ ಹಾಕಿ ಒರೆಸಿದಾಗ ಸಡಿಲ ಬೋಲ್ಟ್ ಬೆರಳಿಗೆ ಸಿಗುತ್ತದೆ. ಊದಿದರೆ ಸಿಗುವುದಿಲ್ಲ. ಆ ದಿನ 38 ಟ್ಯಾಗ್ ಕಟ್ಟಿದರು. 26 ಬಿಳಿ, ಅಂದರೆ ತಾವೇ ಸರಿಮಾಡುವಂಥವು. 12 ಕೆಂಪು, ಫಿಟ್ಟರ್ ಬರಬೇಕಾದವು.

ಅದರಲ್ಲಿ ಒಂದು ಬಿಳಿ ಟ್ಯಾಗ್ ಇಡೀ ಪ್ರಯೋಗದ ದಿಕ್ಕು ಬದಲಿಸಿತು. ಹಾಪರ್‌ಗೂ ಆಗರ್‌ಗೂ ಮಧ್ಯೆ ಇರುವ ಬಟ್ಟೆಯ ತೋಳು ಹಿಂಬದಿಯಲ್ಲಿ ಎರಡು ಬೆರಳು ಹಿಡಿಸುವಷ್ಟು ಹರಿದಿತ್ತು. ಆಗರ್ ತಿರುಗಿದಾಗೆಲ್ಲ ಅಲ್ಲಿಂದ ಪುಡಿ ಉದುರಿ ಕಾಲರ್ ಮೇಲೆ, ಎಳೆಯುವ ಬೆಲ್ಟ್ ಮೇಲೆ, ಸೆನ್ಸರ್ ಮೇಲೆ ಬೀಳುತ್ತಿತ್ತು. ಬೆಲ್ಟ್ ಮೇಲೆ ಪುಡಿ ಕೂತರೆ ಫಿಲ್ಮ್ ಜಾರಿ ಪೌಚಿನ ಉದ್ದ ಏರುಪೇರಾಗುತ್ತದೆ, ಆಗಲೂ ಐ-ಮಾರ್ಕ್ ತಪ್ಪುತ್ತದೆ. ನಾವು ಎಷ್ಟೋ ದಿನದಿಂದ ಸೆನ್ಸರ್ ಸೂಕ್ಷ್ಮತೆ ತಿರುಗಿಸುತ್ತಾ ಕೂತಿದ್ದೆವು. ಟೈಲರ್ ಹತ್ತಿರ ಹೊಲಿಸಿದ ಹೊಸ ತೋಳು ಅರ್ಧ ದಿನದಲ್ಲಿ ಬಂತು. ಇದು ಜಿಷು ಹೋಜೆನ್‌ನ ಎರಡನೇ ಹಂತ: ಕೊಳೆ ಒರೆಸುತ್ತಾ ಇರುವುದಲ್ಲ, ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ಅಲ್ಲೇ ತಡೆಯುವುದು. ಏಳು ಹಂತಗಳಲ್ಲಿ ನಾವು ಮಾಡಿದ್ದು ಮೊದಲ ಮೂರು ಮಾತ್ರ. ಮೂರನೆಯದರಲ್ಲಿ ದಿನಾ 15 ನಿಮಿಷ ಏನೇನು ಒರೆಸಿ ನೋಡಬೇಕು ಅನ್ನುವುದನ್ನು ಆಪರೇಟರ್‌ಗಳೇ ಬರೆದುಕೊಂಡರು.

ಕೊನೆಯ 4 ವಾರದ ಸರಾಸರಿ, ಒಂದು ಶಿಫ್ಟ್‌ಗೆ, ನಿಮಿಷಗಳಲ್ಲಿ:

| ನಷ್ಟ | 1ನೇ ಮಷೀನ್ (ಫಿಟ್ಟರ್) | 2ನೇ ಮಷೀನ್ (ಆಪರೇಟರ್) |
|---|---|---|
| ಬ್ರೇಕ್‌ಡೌನ್ | 9 | 17 |
| ಚೇಂಜ್‌ಓವರ್ | 37 | 33 |
| ಚಿಲ್ಲರೆ ಸ್ಟಾಪ್ | 49 | 21 |
| ನಿಧಾನ ಓಟ | 36 | 22 |
| ರಿಜೆಕ್ಟ್ | 8 | 5 |
| ದಿನದ ಒರೆಸುವಿಕೆ | 0 | 15 |
| ಒಟ್ಟು | 139 | 113 |
| ಓಇಇ | 68% | 74% |

ಬ್ರೇಕ್‌ಡೌನಿನಲ್ಲಿ ಫಿಟ್ಟರ್ ದಾರಿಯೇ ಗೆದ್ದಿತು. ಇದನ್ನು ಮುಚ್ಚಿಡಬಾರದು. ಹೀಟರ್ ಸುಡುವ ಮುನ್ನ ಹೊರಗೆ ಏನೂ ಕಾಣುವುದಿಲ್ಲ, ಎಷ್ಟು ಒರೆಸಿದರೂ ಅಷ್ಟೇ. ಅದಕ್ಕೆ ಮೀಟರ್ ಬೇಕು, ಇಂತಿಷ್ಟು ದಿನಕ್ಕೆ ಬದಲಿಸುವ ನಿಯಮ ಬೇಕು. ಉಳಿದ ಕಡೆ ಆಪರೇಟರ್ ದಾರಿ ಮುಂದೆ. ಪುಡಿ ಬೀಳುವುದು ನಿಂತ ಮೇಲೆ ಲೀಕ್ ಕಮ್ಮಿಯಾಯಿತು. ಲೀಕ್ ಕಮ್ಮಿಯಾದ ಮೇಲೆ ಎರಡನೇ ಮಷೀನಿನ ಆಪರೇಟರ್ ಹುಡುಗ ಯಾರೂ ಹೇಳದೆ ವೇಗವನ್ನು 56ಕ್ಕೆ ಏರಿಸಿದ್ದ. ನಿಧಾನ ಓಟ ಅವನ ಸೋಮಾರಿತನವಲ್ಲ ಅನ್ನುವುದಕ್ಕೆ ಬೇರೆ ಪುರಾವೆ ಬೇಕಾ?

ಎರಡನೇ ಮಷೀನಿನ ತಂಡವೇ ಚುರುಕು ಇರಬಹುದು ಅನ್ನುವ ಅನುಮಾನ ನನಗೂ ಇತ್ತು. ಪ್ರಯೋಗ ಮುಗಿದ ಮೇಲೆ ಎರಡು ವಾರ ತಂಡಗಳನ್ನು ಅದಲು ಬದಲು ಮಾಡಿದೆ. ಎರಡನೇ ಮಷೀನಿನ ಚಿಲ್ಲರೆ ಸ್ಟಾಪ್ 27 ನಿಮಿಷಕ್ಕೆ ಏರಿತು, 49ಕ್ಕೆ ಹೋಗಲಿಲ್ಲ. ಸ್ವಲ್ಪ ಪಾಲು ಜನರದ್ದು, ಹೆಚ್ಚಿನ ಪಾಲು ಆ ತೋಳು ಮತ್ತು ದಿನದ 15 ನಿಮಿಷದ್ದು.

ಆ 15 ನಿಮಿಷದ ಬಗ್ಗೆ ಆಫೀಸಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಊಟದ ಹಾಗೆ ಅದನ್ನೂ ಯೋಜಿತ ಸಮಯ ಅಂತ ಮೊದಲೇ ಕಳೆದರೆ 435ರ ಬದಲು 420 ಆಗುತ್ತದೆ, ಓಇಇ 74ರಿಂದ 76.7ಕ್ಕೆ ಜಿಗಿಯುತ್ತದೆ. ನಾನು ಒಪ್ಪಲಿಲ್ಲ. ಕಳೆದುಬಿಟ್ಟರೆ ನಾಳೆ 15 ನಿಮಿಷದ ಕೆಲಸವನ್ನು 10ಕ್ಕೆ ಇಳಿಸುವ ಉಪಾಯ ಯಾರು ಹುಡುಕುತ್ತಾರೆ? ಇನ್ನೊಂದು ನ್ಯಾಯವೂ ಇದೆ. ಫಿಟ್ಟರ್‌ಗಳ ಭಾನುವಾರದ 4 ಗಂಟೆ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ವಾರಕ್ಕೆ 12 ಶಿಫ್ಟ್ ಓಡಿಸುತ್ತೇವೆ, ಹಂಚಿದರೆ ಶಿಫ್ಟ್‌ಗೆ 20 ನಿಮಿಷ. ಅದನ್ನೂ ಸೇರಿಸಿದರೆ ಒಂದನೇ ಮಷೀನಿನ 68% ಇಳಿದು 65% ಆಗುತ್ತದೆ. ರಜಾ ದಿನದಲ್ಲಿ ಮಾಡಿದ್ದು ಪುಕ್ಕಟೆ ಅಲ್ಲ, ಓವರ್‌ಟೈಮ್ ಬಿಲ್ ಬರುತ್ತದೆ.

ಇನ್ನೊಬ್ಬರು ಇನ್ನೂ ಸುಲಭದ ದಾರಿ ತೋರಿಸಿದರು: "60 ಯಾವತ್ತೂ ಬರಲ್ಲ, ಸ್ಟ್ಯಾಂಡರ್ಡ್ ವೇಗ 55 ಅಂತ ಹಾಕಿಬಿಡಿ." ಹಾಕಿದರೆ ನನ್ನ ಮೊದಲ ದಿನದ 63.6% ಕೂತಲ್ಲೇ 69.3% ಆಗುತ್ತದೆ. ಒಂದು ಬೋಲ್ಟ್ ಕೂಡ ಮುಟ್ಟದೆ! ಬೇರೆ ಕಾರ್ಖಾನೆಯವರು ನಮ್ಮದು 85% ಅಂದಾಗ ನಾನು ಮೊದಲು ಕೇಳುವುದು ಸ್ಟ್ಯಾಂಡರ್ಡ್ ವೇಗ ಎಷ್ಟು ಇಟ್ಟಿದ್ದೀರಿ ಅಂತ. ಆ 85 ಬಂದದ್ದು ಟಿಪಿಎಂ ಕಟ್ಟಿದ ಸೆಯಿಚಿ ನಕಾಜಿಮಾ ಅವರ ಲೆಕ್ಕದಿಂದ: ಲಭ್ಯತೆ 90, ವೇಗ 95, ಗುಣಮಟ್ಟ 99. ಶಿಫ್ಟ್‌ಗೆ ಒಂದು ಸಲ ಪುಡಿ ಬದಲಿಸಿದರೇ ನಮಗೆ ಲಭ್ಯತೆ 90 ಮುಟ್ಟುವುದು ಕಷ್ಟ. ಹಾಗಾಗಿ ಆ ಅಂಕಿಯನ್ನು ಗೋಡೆಗೆ ಅಂಟಿಸಿಲ್ಲ.

ಈಗ ಎರಡೂ ಮಷೀನಿಗೆ ಆಪರೇಟರ್ ದಾರಿಯೇ. ಜೊತೆಗೆ ಹೀಟರ್, ಥರ್ಮೋಕಪಲ್, ಸಿಲಿಂಡರ್ ಸೀಲ್, ಬೇರಿಂಗ್ ಇಷ್ಟನ್ನು ಫಿಟ್ಟರ್‌ಗಳು ತಿಂಗಳಿಗೊಂದು ಭಾನುವಾರ ನೋಡುತ್ತಾರೆ, ಏರ್ ಗನ್ ಸ್ಟೋರಿಗೆ ವಾಪಸ್ ಹೋಗಿದೆ. ಲಾಗ್ ಶೀಟಿನಲ್ಲಿ ಚಿಲ್ಲರೆ ಸ್ಟಾಪ್‌ಗೆ ಗೆರೆ ಎಳೆಯಲು ಒಂದು ಕಾಲಂ ಸೇರಿಸಿದ್ದೇವೆ, ಸಮಯ ಬರೆಯಬೇಕಿಲ್ಲ, ನಿಂತಾಗೆಲ್ಲ ಒಂದು ಗೆರೆ ಅಷ್ಟೇ. ಚೇಂಜ್‌ಓವರ್ ಮಾತ್ರ ಎರಡೂ ದಾರಿಗೆ ಜಗ್ಗಲಿಲ್ಲ. ಹೋದ ವಾರ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ನೋಡಿದೆ. 33 ನಿಮಿಷದಲ್ಲಿ 11 ನಿಮಿಷ ಆಪರೇಟರ್ ಮಷೀನಿನ ಹತ್ತಿರವೇ ಇಲ್ಲ, ಸ್ಪ್ಯಾನರ್ ಹುಡುಕಿಕೊಂಡು ಪಕ್ಕದ ಲೈನಿಗೆ ಹೋಗಿದ್ದ.