ಬಾರ್ ಐದು ಪಟ್ಟು, ಏರಿದ್ದು 0.60: ಈ ಥರದ ಸ್ಕ್ರೀನ್‌ಶಾಟ್ ನಂಬಿ ಸಹಿ ಹಾಕಬೇಡಿ

ಹೋಮ್ ಲೋನ್ ಇರುವವರು ದಯವಿಟ್ಟು ಓದಿ. 2023ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಅಂದರೆ ರೆಪೋ ದರ, ಏರಿಸಿದ ಬೆನ್ನಿಗೇ ಲೋನ್ ಏಜೆಂಟ್ ಒಬ್ಬ ಪೇಪರಿನ ಗ್ರಾಫ್ ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿದ. ರೆಪೋ ದರದ ಮೂರು ಬಾರ್. 2022ರ ಸೆಪ್ಟೆಂಬರ್ 5.90, ಡಿಸೆಂಬರ್ 6.25, ಫೆಬ್ರವರಿ 6.50. ಕೊನೆಯದು ಮೊದಲನೆಯದರ ಐದು ಪಟ್ಟು ಎತ್ತರ! "ನೋಡಿ ಸಾರ್, ಬಡ್ಡಿ ಎಲ್ಲಿಗೆ ಹೋಗ್ತಿದೆ. ಈಗಲೇ ನಮ್ ಬ್ಯಾಂಕಿಗೆ ಶಿಫ್ಟ್ ಮಾಡಿಬಿಡಿ." ಮಾಡಿದೆ. ಜಿಎಸ್‌ಟಿ ಸೇರಿ ಪ್ರೊಸೆಸಿಂಗ್ ಫೀ 11,800 ಹೋಯ್ತು.

ಆಮೇಲೆ ಸ್ಕೇಲ್ ಇಟ್ಟು ಅಳೆದೆ. ಮೊದಲೇ ಮಾಡಬೇಕಿತ್ತು. ಬಾರ್‌ಗಳು 1.5, 5, 7.5 ಸೆಂಟಿಮೀಟರ್. 5.90ಕ್ಕೂ 6.50ಕ್ಕೂ ಇರುವ ವ್ಯತ್ಯಾಸ 0.60, ಅದಕ್ಕೆ ಗ್ರಾಫ್‌ನಲ್ಲಿ 6 ಸೆಂಟಿಮೀಟರ್ ಕೊಟ್ಟಿದ್ದಾರೆ. ಅಂದರೆ ಒಂದು ಸೆಂಟಿಮೀಟರಿಗೆ 0.10. ಹಾಗಾದರೆ 1.5 ಸೆಂಟಿಮೀಟರಿನ ಮೊದಲ ಬಾರ್ ತೋರಿಸುವುದು ಬರೀ 0.15. 5.90ರಿಂದ 0.15 ಕಳೆದರೆ 5.75. ಬಾರ್‌ಗಳ ಬುಡ ಸೊನ್ನೆಯಲ್ಲಿ ಇಲ್ಲವೇ ಇಲ್ಲ, 5.75ರಲ್ಲಿದೆ! ಎಡಗಡೆಯ ಅಂಕಿಗಳಿದ್ದ ಗೆರೆಯನ್ನು ಪುಣ್ಯಾತ್ಮ ಕ್ರಾಪ್ ಮಾಡಿದ್ದ. ಸೊನ್ನೆಯಿಂದ ಎಳೆದಿದ್ದರೆ ಕೊನೆಯ ಬಾರ್ ಮೊದಲನೆಯದಕ್ಕಿಂತ ಹತ್ತರಲ್ಲಿ ಒಂದು ಪಾಲು ಮಾತ್ರ ಎತ್ತರ ಇರುತ್ತಿತ್ತು.

ಕೇಳಿದರೆ, "ಗ್ರಾಫ್ ಪೇಪರಲ್ಲೇ ಬಂದಿರೋದು ಸಾರ್, ನಾವು ಮಾಡಿದ್ದಲ್ಲ. ನಂಬರ್ ಸರಿ ಇದೆಯಲ್ಲಾ?" ನಂಬರ್ ಸರಿಯೇ ಇತ್ತು, ಅದೇ ಹೊಟ್ಟೆ ಉರಿಯುವುದು. ಬಾರ್‌ನಲ್ಲಿ ಕಣ್ಣು ಓದುವುದು ಉದ್ದವನ್ನು, ಪಕ್ಕದ ನಂಬರನ್ನಲ್ಲ. ಅದಕ್ಕೇ ಬಾರ್ ಸೊನ್ನೆಯಿಂದ ಶುರುವಾಗಲೇಬೇಕು. ಗೆರೆಯ ಗ್ರಾಫ್ ಆದರೆ ಬೇರೆಲ್ಲಿಂದ ಶುರುವಾದರೂ ಅಷ್ಟು ತಪ್ಪಲ್ಲ, ಅಲ್ಲಿ ನೋಡುವುದು ಏರಿಳಿತವನ್ನು.

ಅವನ ಇನ್ನೊಂದು ಮಾತು: "ಶೇಕಡಾ ಹತ್ತು ಜಾಸ್ತಿ ಆಗಿದೆ ಸಾರ್." 5.90ಕ್ಕೆ 0.60 ಅಂದರೆ ಶೇಕಡಾ ಹತ್ತರಷ್ಟು ಹೆಚ್ಚೇ, ಲೆಕ್ಕ ನಿಜ. ಆದರೆ ಸಾಲದ ಬಡ್ಡಿ ದರಕ್ಕೆ ಸೇರುವುದು ಬರೀ 0.60. 20 ಲಕ್ಷ, 20 ವರ್ಷದ ಸಾಲಕ್ಕೆ ದರ 8.55ರಿಂದ 9.15 ಆದರೆ ಇಎಂಐ ತಿಂಗಳಿಗೆ ಸುಮಾರು 770 ರೂಪಾಯಿ ಹೆಚ್ಚುತ್ತದೆ. ಕಮ್ಮಿ ಅಂತ ಹೇಳ್ತಿಲ್ಲ, ಐದು ಪಟ್ಟು ಅಲ್ಲ ಅಂತ ಹೇಳ್ತಿದ್ದೇನೆ.

ಗ್ರಾಫ್ ಸೆಪ್ಟೆಂಬರಿನಿಂದಲೇ ಯಾಕೆ ಶುರು? 2018ರ ಆಗಸ್ಟಿನಲ್ಲೂ ರೆಪೋ 6.50 ಇತ್ತು, 2014ರ ಜನವರಿಯಲ್ಲಿ 8. ಅವೂ ಇದ್ದಿದ್ದರೆ ಯಾರು ಹೆದರುತ್ತಿದ್ದರು?

ಯಾರಾದರೂ ಗ್ರಾಫ್ ಕಳಿಸಿದರೆ ಎಡಗಡೆಯ ಅಂಕಿ ಕಾಣುವ ಪೂರ್ತಿ ಚಿತ್ರ ಕೇಳಿ. ಕೊಡದಿದ್ದರೆ ಸ್ಕೇಲ್ ತೆಗೆಯಿರಿ. ಬಾರ್ ಐದು ಪಟ್ಟು ಇದ್ದು ನಂಬರ್ ಐದು ಪಟ್ಟು ಇಲ್ಲದಿದ್ದರೆ ಬುಡ ಕತ್ತರಿಸಿದ್ದಾರೆ ಅಂತಲೇ ಅರ್ಥ.

ಅಂದಹಾಗೆ ನನ್ನ ಹೊಸ ಸಾಲವೂ ರೆಪೋಗೇ ಕಟ್ಟಿದ್ದು. ರೆಪೋ ಆಮೇಲೆ ಎರಡು ವರ್ಷ 6.50ರಿಂದ ಅಲ್ಲಾಡಲಿಲ್ಲ. ಇದನ್ನು ಹೇಳಿದ್ದಕ್ಕೆ, "ಒಳ್ಳೇದೇ ಆಯ್ತಲ್ಲ ಸಾರ್" ಅಂದ.